ಗಲ್ಲಾ ಮತ್ತು ಬ್ಯಾಂಕು ಒಂದೇ ಪುಟದಲ್ಲಿ

ಅಂಗಡಿಗೆ ಬಂದವರು ಏನನ್ನೂ ಕೊಳ್ಳದೆ, ‘ಅಣ್ಣಾ, ಎರಡು ಸಾವಿರ ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?’ ಎಂದು ಕೇಳುವುದು ಈಗ ಎಲ್ಲ ಊರಿನಲ್ಲೂ ಮಾಮೂಲು. ಪರಿಚಯದವರಾದರೆ ಅಂಗಡಿಯವರು ಇಲ್ಲ ಎನ್ನುವುದಿಲ್ಲ. ಸ್ಕ್ಯಾನ್ ಆಗುತ್ತದೆ, ಬ್ಯಾಂಕ್ ಖಾತೆಗೆ ಎರಡು ಸಾವಿರ ಬಂದು ಬೀಳುತ್ತದೆ, ಗಲ್ಲಾದಿಂದ ನಾಲ್ಕು ಐನೂರರ ನೋಟು ಹೊರಗೆ ಹೋಗುತ್ತವೆ. ಸಂಜೆ ಲೆಕ್ಕ ಬರೆಯಲು ಕೂತಾಗ ಇದನ್ನು ಎಲ್ಲಿ ಬರೆಯಬೇಕು? ಇದು ಮಾರಾಟವಲ್ಲ, ಖರ್ಚೂ ಅಲ್ಲ. ಅಂಗಡಿಯ ಹಣ ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಡಿಮೆಯಾಗಿಲ್ಲ. ಅದು ಇದ್ದ ಜಾಗ ಬದಲಾಗಿದೆ ಅಷ್ಟೆ.

ಇಂಥ ನಮೂದಿಗೆ ಲೆಕ್ಕದವರು ಕಾಂಟ್ರಾ ಎನ್ನುತ್ತಾರೆ. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಮೂರು ಕಾಲಂ ಕ್ಯಾಶ್ ಬುಕ್ಕಿನ ಪಾಠ ನೆನಪಿರಬಹುದು: ಡಿಸ್ಕೌಂಟ್, ನಗದು, ಬ್ಯಾಂಕ್ ಎಂದು ಎಡಕ್ಕೆ ಮೂರು, ಬಲಕ್ಕೆ ಮೂರು ಕಾಲಂ. ಕೆಲವು ಸಾಲುಗಳ ಪಕ್ಕದಲ್ಲಿ ಮಾತ್ರ ‘ಸಿ’ ಎಂಬ ಅಕ್ಷರ. ಬ್ಯಾಂಕಿಗೆ ದುಡ್ಡು ಕಟ್ಟಿದರೆ ‘ಸಿ’, ಬ್ಯಾಂಕಿನಿಂದ ಬಿಡಿಸಿದರೆ ‘ಸಿ’ ಎಂದು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆದವರಲ್ಲಿ ಹಲವರು ಆ ಅಕ್ಷರ ಅಲ್ಲಿ ಯಾಕಿದೆ ಎಂದು ಕೇಳಿಕೊಂಡಿರುವುದಿಲ್ಲ. ಆ ‘ಯಾಕೆ’ ಗೊತ್ತಾದರೆ ಇಡೀ ಪುಸ್ತಕ ಅರ್ಥವಾಗುತ್ತದೆ.

ಕ್ಯಾಶ್ ಬುಕ್ಕಿಗೆ ಬೇರೆ ಪುಸ್ತಕಗಳಿಗಿಲ್ಲದ ಒಂದು ಗುಣವಿದೆ. ಖರೀದಿ ಪುಸ್ತಕ, ಮಾರಾಟ ಪುಸ್ತಕ ಇವೆಲ್ಲ ಮೊದಲು ಗುರುತು ಹಾಕಿಕೊಳ್ಳುವ ಪುಸ್ತಕಗಳು. ಅಲ್ಲಿ ಬರೆದದ್ದನ್ನು ಆಮೇಲೆ ಲೆಡ್ಜರಿನ ಆಯಾ ಖಾತೆಗೆ ಏರಿಸಬೇಕು. ಕ್ಯಾಶ್ ಬುಕ್ ಹಾಗಲ್ಲ. ಅದು ಗುರುತು ಹಾಕುವ ಪುಸ್ತಕವೂ ಹೌದು, ಖಾತೆಯೂ ಹೌದು. ನಗದು ಕಾಲಮ್ಮೇ ಅಂಗಡಿಯ ನಗದು ಖಾತೆ, ಬ್ಯಾಂಕ್ ಕಾಲಮ್ಮೇ ಬ್ಯಾಂಕ್ ಖಾತೆ. ಕೈಯಲ್ಲಿ ಲೆಕ್ಕ ಬರೆಯುವ ಅಂಗಡಿಯ ಲೆಡ್ಜರ್ ತೆಗೆದು ಹುಡುಕಿದರೆ ಗಿರಾಕಿಗಳ ಖಾತೆ, ಡೀಲರುಗಳ ಖಾತೆ, ಬಾಡಿಗೆ ಖಾತೆ, ಕೂಲಿ ಖಾತೆ ಎಲ್ಲ ಸಿಗುತ್ತವೆ, ನಗದಿನದೂ ಬ್ಯಾಂಕಿನದೂ ಸಿಗುವುದಿಲ್ಲ. ಅವೆರಡೂ ಕ್ಯಾಶ್ ಬುಕ್ಕಿನಲ್ಲೇ ಮನೆ ಮಾಡಿವೆ.

ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಕಾಣಿಸಬೇಕು, ಒಂದರಲ್ಲಿ ಡೆಬಿಟ್, ಇನ್ನೊಂದರಲ್ಲಿ ಕ್ರೆಡಿಟ್ ಎಂಬುದು ಜೋಡಿ ನಮೂದಿನ ನಿಯಮ. ಬಾಡಿಗೆ ಕೊಟ್ಟರೆ ಒಂದು ಕಾಲು ಕ್ಯಾಶ್ ಬುಕ್ಕಿನಲ್ಲಿ, ಇನ್ನೊಂದು ಕಾಲು ಲೆಡ್ಜರಿನ ಬಾಡಿಗೆ ಖಾತೆಯಲ್ಲಿ. ಆದರೆ ಗಲ್ಲಾದ ದುಡ್ಡನ್ನು ಬ್ಯಾಂಕಿಗೆ ಕಟ್ಟಿದಾಗ ಎರಡೂ ಖಾತೆ ಕ್ಯಾಶ್ ಬುಕ್ಕಿನಲ್ಲೇ ಇವೆ. ಎಡಬದಿಯ ಬ್ಯಾಂಕ್ ಕಾಲಮ್ಮಿನಲ್ಲಿ ಬಂತು ಎಂದು ಒಂದು ಸಾಲು, ಬಲಬದಿಯ ನಗದು ಕಾಲಮ್ಮಿನಲ್ಲಿ ಹೋಯಿತು ಎಂದು ಇನ್ನೊಂದು ಸಾಲು. ಅಲ್ಲಿಗೆ ಜೋಡಿ ಪೂರ್ತಿಯಾಯಿತು, ಲೆಡ್ಜರಿಗೆ ಏರಿಸಲು ಏನೂ ಉಳಿಯಲಿಲ್ಲ. ಬೇರೆ ಸಾಲುಗಳಲ್ಲಿ ಲೆಡ್ಜರ್ ಪುಟದ ನಂಬರು ಬರೆಯುವ ಜಾಗದಲ್ಲಿ ಇಲ್ಲಿ ‘ಸಿ’ ಬರೆಯುವುದು ಅದಕ್ಕೆ. ಇದರ ಜೋಡಿ ಎದುರುಗಡೆಯೇ ಇದೆ, ಲೆಡ್ಜರಿಗೆ ಹೋಗಬೇಡ ಎಂದು ಅದು ಗುಮಾಸ್ತನಿಗೆ ಹೇಳುತ್ತದೆ. ಕಾಂಟ್ರಾ ಹುಟ್ಟುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ಬರೀ ನಗದು ಕಾಲಂ ಇರುವ ಹಳೆಯ ಒಂಟಿ ಕಾಲಮ್ಮಿನ ಪುಸ್ತಕದಲ್ಲಿ ಕಾಂಟ್ರಾ ಎಂಬುದೇ ಇರಲಿಲ್ಲ. ಅಲ್ಲಿ ಬ್ಯಾಂಕಿಗೂ ಲೆಡ್ಜರಿನಲ್ಲಿ ಬೇರೆ ಖಾತೆ ಇರುತ್ತಿತ್ತು.

ಇದನ್ನು ಒಂದು ವಾರದ ಲೆಕ್ಕದಲ್ಲಿ ನೋಡೋಣ. ತಿಪಟೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಜುಲೈ 1ರ ಬೆಳಿಗ್ಗೆ ಗಲ್ಲಾದಲ್ಲಿ 18,000 ರೂಪಾಯಿ, ಬ್ಯಾಂಕಿನಲ್ಲಿ 62,000 ಇದೆ. ಅಂದು ನಗದು ವ್ಯಾಪಾರ 9,500, ಕ್ಯೂಆರ್ ಸ್ಕ್ಯಾನಿನಿಂದ ನೇರ ಬ್ಯಾಂಕಿಗೆ ಬಂದದ್ದು 6,400. ಎರಡನೆಯ ದಿನ ಸಂಜೆ, ಬ್ಯಾಂಕು ಮುಚ್ಚಿದ ಮೇಲೆ, 20,000 ಬಾಕಿ ಇದ್ದ ಕಂಟ್ರಾಕ್ಟರ್ ಒಬ್ಬರು ಬಂದು ಪೂರ್ತಿ ಬಾಕಿ ತೀರಿಸಿದರು. ಹೇಳಿದ ದಿನಕ್ಕೆ ಕೊಟ್ಟರೆಂದು ಅಂಗಡಿಯವರು ನೂರಕ್ಕೆ ಎರಡರಂತೆ 400 ಬಿಟ್ಟು 19,600ರ ಚೆಕ್ ಪಡೆದು ಗಲ್ಲಾದಲ್ಲಿಟ್ಟರು. ಮರುದಿನ ಆ ಚೆಕ್ಕನ್ನೂ 15,000 ನಗದನ್ನೂ ಬ್ಯಾಂಕಿಗೆ ಹಾಕಿದರು. ನಾಲ್ಕರಂದು ಪೈಪಿನ ಡೀಲರಿಗೆ ಕೊಡಬೇಕಿದ್ದ 30,000ಕ್ಕೆ, ಅವರು 900 ಬಿಟ್ಟದ್ದರಿಂದ, 29,100ರ ಚೆಕ್ ಬರೆದರು. ಐದರಂದು ಹಮಾಲಿ, ಕೂಲಿ, ಲಾರಿ ಬಾಡಿಗೆಗಳಿಗೆಂದು ಬ್ಯಾಂಕಿನಿಂದ 10,000 ಬಿಡಿಸಿದರು. ಆ ದಿನದ ಈ ಖರ್ಚೆಲ್ಲ ಸೇರಿ 14,200 ಆಯಿತು. ಅಂದೇ ಮನೆಗೆಂದು ಬೇರೆ ಚೆಕ್ಕಿನಲ್ಲಿ 5,000 ತೆಗೆದರು. ಏಳರಂದು ಕಂಟ್ರಾಕ್ಟರ್ ಕೊಟ್ಟ ಚೆಕ್ ಪಾಸಾಗದೆ ವಾಪಸ್ ಬಂತು, ಬ್ಯಾಂಕು ತನ್ನ ಶುಲ್ಕ 295 ಕಡಿದುಕೊಂಡಿತು.

ಪುಸ್ತಕದ ಎಡಬದಿ ಹೀಗಿರುತ್ತದೆ:

| ಜುಲೈ | ಬಂದದ್ದು | ಲೆಡ್ಜರ್ ಪುಟ | ಡಿಸ್ಕೌಂಟ್ | ನಗದು | ಬ್ಯಾಂಕ್ |
|---|---|---|---|---|---|
| 1 | ಆರಂಭ ಶಿಲ್ಕು | | | 18,000 | 62,000 |
| 1 | ಮಾರಾಟ | 12 | | 9,500 | 6,400 |
| 2 | ಕಂಟ್ರಾಕ್ಟರ್ | 31 | 400 | 19,600 | |
| 3 | ನಗದು (ಚೆಕ್) | ಸಿ | | | 19,600 |
| 3 | ನಗದು | ಸಿ | | | 15,000 |
| 5 | ಬ್ಯಾಂಕ್ | ಸಿ | | 10,000 | |
| | ಒಟ್ಟು | | 400 | 57,100 | 1,03,000 |

ಬಲಬದಿ ಹೀಗೆ:

| ಜುಲೈ | ಹೋದದ್ದು | ಲೆಡ್ಜರ್ ಪುಟ | ಡಿಸ್ಕೌಂಟ್ | ನಗದು | ಬ್ಯಾಂಕ್ |
|---|---|---|---|---|---|
| 3 | ಬ್ಯಾಂಕ್ (ಚೆಕ್) | ಸಿ | | 19,600 | |
| 3 | ಬ್ಯಾಂಕ್ | ಸಿ | | 15,000 | |
| 4 | ಪೈಪಿನ ಡೀಲರ್ | 44 | 900 | | 29,100 |
| 5 | ನಗದು | ಸಿ | | | 10,000 |
| 5 | ಕೂಲಿ, ಲಾರಿ ಬಾಡಿಗೆ | 52 | | 14,200 | |
| 5 | ಮನೆ ಖರ್ಚಿಗೆ | 5 | | | 5,000 |
| 7 | ಕಂಟ್ರಾಕ್ಟರ್ (ಚೆಕ್ ವಾಪಸ್) | 31 | | | 19,600 |
| 7 | ಬ್ಯಾಂಕ್ ಶುಲ್ಕ | 57 | | | 295 |
| 7 | ಅಖೈರು ಶಿಲ್ಕು | | | 8,300 | 39,005 |
| | ಒಟ್ಟು | | 900 | 57,100 | 1,03,000 |

ಮೊದಲು ಡಿಸ್ಕೌಂಟ್ ಕಾಲಂ ನೋಡಿ. ನಗದಿಗೂ ಬ್ಯಾಂಕಿಗೂ ಎರಡು ಬದಿ ಸರಿದೂಗಿಸಿ ಶಿಲ್ಕು ಎಳೆದಿದ್ದೇವೆ, ಡಿಸ್ಕೌಂಟಿಗೆ ಎಳೆದಿಲ್ಲ. ಎಡಕ್ಕೆ 400, ಬಲಕ್ಕೆ 900, ಹಾಗೇ ಬಿಟ್ಟಿದ್ದೇವೆ. ಹೊಸದಾಗಿ ಲೆಕ್ಕ ಕಲಿಯುವವರ ಕೈ ಇಲ್ಲಿ ತಡೆಯುವುದಿಲ್ಲ. 900ರಲ್ಲಿ 400 ಕಳೆದು 500 ಶಿಲ್ಕು ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಡಿಸ್ಕೌಂಟ್ ಕಾಲಂ ಖಾತೆಯಲ್ಲ, ಬರೀ ಗುರುತು. ಎಡಗಡೆಯದು ನಾವು ಬಿಟ್ಟುಕೊಟ್ಟದ್ದು, ಅಂದರೆ ನಷ್ಟ. ಬಲಗಡೆಯದು ನಮಗೆ ಬಿಟ್ಟದ್ದು, ಅಂದರೆ ಲಾಭ. ಎರಡಕ್ಕೂ ಲೆಡ್ಜರಿನಲ್ಲಿ ಬೇರೆ ಬೇರೆ ಖಾತೆ. ವಾರದ ಅಥವಾ ತಿಂಗಳ ಕೊನೆಯಲ್ಲಿ ಒಟ್ಟುಗಳನ್ನು ಆಯಾ ಖಾತೆಗೆ ಏರಿಸಿದರೆ ಈ ಕಾಲಮ್ಮಿನ ಕೆಲಸ ಮುಗಿಯಿತು.

ಹಣವೇ ಅಲ್ಲದ ಡಿಸ್ಕೌಂಟಿಗೆ ಹಣದ ಪುಸ್ತಕದಲ್ಲಿ ಯಾಕೆ ಜಾಗ? ಕಂಟ್ರಾಕ್ಟರ್ ಕೊಟ್ಟದ್ದು 19,600, ಆದರೆ ಅವರ ಬಾಕಿ ಇಳಿದದ್ದು 20,000. ಎರಡೂ ಒಂದೇ ಕ್ಷಣದಲ್ಲಿ, ಒಂದೇ ಮಾತಿನಲ್ಲಿ ನಡೆದವು. ಅದೇ ಸಾಲಿನಲ್ಲಿ ಎರಡನ್ನೂ ಬರೆದಿಟ್ಟರೆ ಲೆಡ್ಜರಿನ 31ನೇ ಪುಟದಲ್ಲಿ 20,000 ಜಮೆ ಮಾಡಲು ಯಾರೂ ಮರೆಯುವುದಿಲ್ಲ. ಬರೆಯದಿದ್ದರೆ ಆರು ತಿಂಗಳ ಮೇಲೆ ಅವರ ಖಾತೆಯಲ್ಲಿ 400 ಬಾಕಿ ತೋರಿಸುತ್ತದೆ, ಅಂಗಡಿಯವರು ಫೋನ್ ಮಾಡುತ್ತಾರೆ, ಇಬ್ಬರಿಗೂ ಬೇಸರ. ಬೇಗ ಹಣ ಕೊಟ್ಟಿದ್ದಕ್ಕೆ ಬಿಟ್ಟ ಡಿಸ್ಕೌಂಟ್ ಮಾತ್ರ ಇಲ್ಲಿಗೆ ಬರುತ್ತದೆ ಎಂಬುದು ನೆನಪಿರಲಿ. ಬಿಲ್ಲಿನಲ್ಲೇ ದರ ಕಡಿಮೆ ಮಾಡಿ ಕೊಡುವ ವ್ಯಾಪಾರದ ರಿಯಾಯಿತಿ ಈ ಪುಸ್ತಕವನ್ನು ಮುಟ್ಟುವುದೇ ಇಲ್ಲ.

ಚೆಕ್ ವಾಪಸ್ ಬಂದಾಗ ಈ ಕಾಲಮ್ಮಿನ ನಿಜವಾದ ಸ್ವಭಾವ ಗೊತ್ತಾಗುತ್ತದೆ. ಬ್ಯಾಂಕಿನಿಂದ ಹೋದ 19,600ನ್ನು ಬಲಬದಿಯಲ್ಲಿ ಬರೆದು ಕಂಟ್ರಾಕ್ಟರ್ ಖಾತೆಗೆ ಮತ್ತೆ ಬಾಕಿ ಹಚ್ಚಿದೆವು. ಬಿಟ್ಟಿದ್ದ 400? ಹಣವೇ ಬಾರದ ಮೇಲೆ ಬಿಟ್ಟದ್ದಕ್ಕೂ ಅರ್ಥವಿಲ್ಲ, ಅದೂ ಬಾಕಿಗೆ ಸೇರಬೇಕು. ಅದೇ ಸಾಲಿನ ಡಿಸ್ಕೌಂಟ್ ಕಾಲಮ್ಮಿನಲ್ಲಿ 400 ಬರೆದರೆ ಸರಿ ಎನಿಸುತ್ತದೆ. ಆದರೆ ಬಲಬದಿಯ ಡಿಸ್ಕೌಂಟ್ ಎಂದರೆ ನಮಗೆ ಸಿಕ್ಕಿದ್ದು. ಅಲ್ಲಿ ಬರೆದರೆ ಯಾರೋ ನಮಗೆ 400 ಬಿಟ್ಟಂತೆ ಲಾಭಕ್ಕೆ ಸೇರುತ್ತದೆ, ನಾವು ಬಿಟ್ಟದ್ದು ನಷ್ಟದ ಖಾತೆಯಲ್ಲಿ ಹಾಗೇ ಕೂತಿರುತ್ತದೆ. ಆದ್ದರಿಂದ ಅದನ್ನು ಜರ್ನಲ್ ಪುಸ್ತಕದಲ್ಲಿ ಬೇರೆಯಾಗಿ ಬರೆದು ಕಂಟ್ರಾಕ್ಟರ್ ಖಾತೆಗೆ 400 ಹಚ್ಚಬೇಕು, ಡಿಸ್ಕೌಂಟ್ ಕೊಟ್ಟ ಖಾತೆಯಿಂದ 400 ತೆಗೆಯಬೇಕು. ಆಗ ಅವರ ಬಾಕಿ ಮೊದಲಿನ 20,000ಕ್ಕೆ ಬಂದು ನಿಲ್ಲುತ್ತದೆ.

ಈಗ ‘ಸಿ’ ಹಾಕಿದ ಸಾಲುಗಳು. ಮೂರು ಕಾಂಟ್ರಾ, ಆರು ಸಾಲು. ಎರಡನೆಯ ದಿನದ ಚೆಕ್ಕನ್ನು ನಗದು ಕಾಲಮ್ಮಿನಲ್ಲಿ ಯಾಕೆ ಬರೆದೆವು ಎಂದು ಕೇಳಬಹುದು. ಅಂದು ಅದು ಬ್ಯಾಂಕಿಗೆ ಹೋಗಿರಲಿಲ್ಲ, ಗಲ್ಲಾದಲ್ಲಿತ್ತು. ಗಲ್ಲಾದಲ್ಲಿರುವುದೆಲ್ಲ ನಗದು ಕಾಲಮ್ಮಿಗೆ ಸೇರಿದ್ದು ಎಂಬುದು ಹಳೆಯ ಪದ್ಧತಿ. ಅದನ್ನು ಮರುದಿನ ಬ್ಯಾಂಕಿಗೆ ಹಾಕಿದ್ದರಿಂದ ಕಾಂಟ್ರಾ ಹುಟ್ಟಿತು. ಅಂದೇ ಬ್ಯಾಂಕಿಗೆ ಹಾಕಿದ್ದರೆ ನೇರವಾಗಿ ಬ್ಯಾಂಕ್ ಕಾಲಮ್ಮಿನಲ್ಲಿ ಬರೆಯುತ್ತಿದ್ದೆವು, ಕಾಂಟ್ರಾ ಬೇಕಿರಲಿಲ್ಲ. ಅದೇ ಚೆಕ್ಕನ್ನು ಹಿಂದೆ ಸಹಿ ಮಾಡಿ ಬೇರೊಬ್ಬರಿಗೆ ದಾಟಿಸಿದ್ದರೂ ಕಾಂಟ್ರಾ ಇರುತ್ತಿರಲಿಲ್ಲ. ನಗದು ಕಾಲಮ್ಮಿನಿಂದ ಅವರ ಖಾತೆಗೆ ಹೋಯಿತು ಎಂದಾಗುತ್ತಿತ್ತು. ಒಂದೇ ಕಾಗದದ ತುಂಡು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದರ ಮೇಲೆ ನಮೂದು ನಿಂತಿದೆ.

ಐದರಂದು ಬ್ಯಾಂಕಿನಿಂದ ತೆಗೆದದ್ದು ಎರಡು ಸಲ. ಎರಡೂ ಚೆಕ್, ಎರಡನ್ನೂ ಒಂದೇ ಕೌಂಟರಿನಲ್ಲಿ ನಗದು ಮಾಡಿದ್ದು. ಆದರೆ 10,000ಕ್ಕೆ ‘ಸಿ’ ಇದೆ, 5,000ಕ್ಕೆ ಇಲ್ಲ. ಹತ್ತು ಸಾವಿರ ಗಲ್ಲಾಕ್ಕೆ ಬಂತು, ಆದ್ದರಿಂದ ಎಡಬದಿಯ ನಗದು ಕಾಲಮ್ಮಿನಲ್ಲಿ ಅದರ ಜೋಡಿ ಇದೆ. ಐದು ಸಾವಿರ ಮನೆಗೆ ಹೋಯಿತು, ಅಂಗಡಿಯ ಗಲ್ಲಾವನ್ನು ನೋಡಲೇ ಇಲ್ಲ. ಅದು ಮಾಲೀಕರು ಬಂಡವಾಳದಿಂದ ತೆಗೆದುಕೊಂಡದ್ದು, ಅದರ ಜೋಡಿ ಲೆಡ್ಜರಿನ 5ನೇ ಪುಟದಲ್ಲಿದೆ. ಸಣ್ಣ ಅಂಗಡಿಗಳ ಲೆಕ್ಕದಲ್ಲಿ ಅತಿ ಹೆಚ್ಚು ಕೆಡುವ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ. ಮನೆಗೆ ಒಯ್ದದ್ದನ್ನು ಕಾಂಟ್ರಾ ಎಂದು ಬರೆದರೆ ಪುಸ್ತಕದ ಗಲ್ಲಾದಲ್ಲಿ ಇಲ್ಲದ ಹಣ ಇದ್ದಂತೆ ಕಾಣುತ್ತದೆ, ತಿಂಗಳಿಂದ ತಿಂಗಳಿಗೆ ಅದು ಬೆಳೆಯುತ್ತದೆ. ವರ್ಷದ ಕೊನೆಗೆ ಪುಸ್ತಕದ ಪ್ರಕಾರ ಕೈಯಲ್ಲಿ ನಾಲ್ಕು ಲಕ್ಷ, ನಿಜವಾಗಿ ಕೈಯಲ್ಲಿ ನಾಲ್ಕು ಸಾವಿರ. ಆಡಿಟರು ಕೇಳಿದಾಗ ಮಾಲೀಕರಿಗೆ ಉತ್ತರ ಹೊಳೆಯುವುದಿಲ್ಲ, ಯಾಕೆಂದರೆ ಅವರು ಯಾವ ಮೋಸವನ್ನೂ ಮಾಡಿಲ್ಲ.

ಇದರ ಎದುರು ದಿಕ್ಕಿನದೂ ಇದೆ. ಮಾಲೀಕರು ತಮ್ಮ ಸ್ವಂತ ಉಳಿತಾಯ ಖಾತೆಯಿಂದ ಅಂಗಡಿಯ ಚಾಲ್ತಿ ಖಾತೆಗೆ ಹಣ ಹಾಕಿದರೆ, ಬ್ಯಾಂಕಿನಿಂದ ಬ್ಯಾಂಕಿಗೆ ಹೋಯಿತೆಂದು ಅದೂ ಕಾಂಟ್ರಾ ಅನ್ನಿಸುತ್ತದೆ. ಆದರೆ ಉಳಿತಾಯ ಖಾತೆ ಅಂಗಡಿಯ ಪುಸ್ತಕದಲ್ಲಿಲ್ಲ. ಪುಸ್ತಕದ ಹೊರಗಿನಿಂದ ಬಂದ ಹಣ ಅದು, ಬಂಡವಾಳಕ್ಕೆ ಸೇರಬೇಕು.

ತಪ್ಪಾದರೆ ಗೊತ್ತಾಗುವುದು ಹೇಗೆ? ನಗದು ಕಾಲಂ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ಬ್ಯಾಂಕ್ ಕಾಲಂ ಇಳಿಯಬಹುದು, ಓವರ್‌ಡ್ರಾಫ್ಟ್ ಇದ್ದರೆ ಬ್ಯಾಂಕಿಗೇ ನಾವು ಬಾಕಿ. ಆದರೆ ಗಲ್ಲಾದಲ್ಲಿ ಇಲ್ಲದ ನೋಟನ್ನು ಯಾರೂ ಎಣಿಸಿ ಕೊಡಲಾರರು. ನಮ್ಮ ಅಂಗಡಿಯ ಗುಮಾಸ್ತರು ಐದರಂದು ಬಿಡಿಸಿದ 10,000ನ್ನು ಬ್ಯಾಂಕ್ ಬದಿಯಲ್ಲಿ ಬರೆದು ನಗದು ಬದಿಯಲ್ಲಿ ಮರೆತರು ಎನ್ನಿ. ಮೂರರ ಸಂಜೆ ಗಲ್ಲಾದಲ್ಲಿದ್ದದ್ದು 12,500. ಅದರಲ್ಲಿ 14,200 ಖರ್ಚು ಬರೆದ ಕೂಡಲೇ ಪುಸ್ತಕ 1,700 ಕಡಿಮೆ ತೋರಿಸುತ್ತದೆ, ಗಲ್ಲಾ ಎಣಿಸಿದರೆ 8,300 ಇದೆ. ವ್ಯತ್ಯಾಸ ಸರಿಯಾಗಿ 10,000, ಕಾಂಟ್ರಾದ ಮೊತ್ತವೇ. ಒಂದು ವೇಳೆ ಬಿಡಿಸಿದ್ದನ್ನು ಕಟ್ಟಿದ್ದು ಎಂದು ತಿರುಗಾಮುರುಗ ಬರೆದಿದ್ದರೆ ವ್ಯತ್ಯಾಸ ಇಮ್ಮಡಿ, 20,000 ಆಗುತ್ತದೆ. ಅದರಲ್ಲೊಂದು ಅಪಾಯವಿದೆ: ನಗದು ಇಪ್ಪತ್ತು ಕಡಿಮೆ, ಬ್ಯಾಂಕು ಇಪ್ಪತ್ತು ಹೆಚ್ಚು ಆಗಿ, ಎರಡೂ ಶಿಲ್ಕು ಕೂಡಿದರೆ ಮೊತ್ತ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಒಟ್ಟು ನೋಡಿ ಸಮಾಧಾನಪಡುವಂತಿಲ್ಲ. ಗಲ್ಲಾವನ್ನು ಎಣಿಸಬೇಕು, ಪಾಸ್‌ಬುಕ್ಕನ್ನು ಬೇರೆಯಾಗಿ ತಾಳೆ ನೋಡಬೇಕು.

ಇನ್ನೂ ಸೂಕ್ಷ್ಮವಾದದ್ದು ತಾರೀಖಿನ ತಪ್ಪು. ಅದೇ 10,000ನ್ನು ಪಾಸ್‌ಬುಕ್ ಬಂದ ಮೇಲೆ ಏಳನೇ ತಾರೀಖಿನಲ್ಲಿ ಬರೆದರೆ ವಾರದ ಕೊನೆಯ ಶಿಲ್ಕು ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ. ಆದರೆ ಐದು ಮತ್ತು ಆರರಂದು ಪುಸ್ತಕದಲ್ಲಿ ಗಲ್ಲಾ ಮೈನಸ್ 1,700. ಅನುಭವಿ ಆಡಿಟರು ವರ್ಷದ ಕೊನೆಯ ಶಿಲ್ಕನ್ನು ಬಿಟ್ಟು ದಿನದಿನದ ಶಿಲ್ಕನ್ನು ನೋಡುವುದು ಇದಕ್ಕೇ. ಮೈನಸ್ ಕಂಡರೆ ಅವರಿಗೆ ಎರಡು ಅನುಮಾನ: ಕಾಂಟ್ರಾ ತಡವಾಗಿ ಬರೆದಿರಬಹುದು, ಅಥವಾ ಪುಸ್ತಕಕ್ಕೆ ಬಾರದ ವ್ಯಾಪಾರದ ಹಣದಿಂದ ಖರ್ಚು ಮಾಡಿರಬಹುದು. ಮೊದಲನೆಯದಾಗಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟಿನ ತಾರೀಖು ಬಿಡಿಸಿ ಹೇಳುತ್ತದೆ.

ಈ ಪುಟವನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಆರಂಭ ಶಿಲ್ಕು ಬಿಟ್ಟು ಎಡಬದಿಯ ನಗದು, ಬ್ಯಾಂಕ್ ಎರಡನ್ನೂ ಕೂಡಿದರೆ 80,100 ಬರುತ್ತದೆ. ಅದರಲ್ಲಿ 44,600 ಕಾಂಟ್ರಾ. ಹೊರಗಿನಿಂದ ಬಂದದ್ದು ಬರೀ 35,500, ಅದರಲ್ಲೂ 19,600 ವಾಪಸ್ ಹೋಯಿತು. ಬರೀ ಬ್ಯಾಂಕಿನ ಜಮೆಯನ್ನು ನೋಡುವವರಿಗೂ ಇದೇ ತೊಡಕು: ಆ ವಾರ ಖಾತೆಗೆ 41,000 ಜಮೆಯಾಗಿದೆ, ಅದರಲ್ಲಿ ನೇರವಾಗಿ ಮಾರಾಟದಿಂದ ಬಂದದ್ದು 6,400.

ಇದು ಪುಸ್ತಕದ ಮಾತಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಮಾಹಿತಿ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವಸ್ತು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಕೈಸಾಲವೂ ಮನೆಯವರು ಹಾಕಿದ್ದೂ ಅದರಲ್ಲಿದೆ ಎಂದು ವ್ಯಾಪಾರಿಗಳು ಹೇಳಿದರು. ಆ ಮಾತು ನಿಜವಾಗಿದ್ದರೂ ತೋರಿಸಲು ಬರವಣಿಗೆ ಬೇಕು. ನಗದಿನ ಬದಲಿಗೆ ಸ್ಕ್ಯಾನ್ ಮಾಡಿದ ಆ ಎರಡು ಸಾವಿರವೂ ಇಂಥದ್ದೇ. ಎಡಬದಿಯ ಬ್ಯಾಂಕ್ ಕಾಲಮ್ಮಿನಲ್ಲಿ 2,000, ಬಲಬದಿಯ ನಗದು ಕಾಲಮ್ಮಿನಲ್ಲಿ 2,000, ಎರಡಕ್ಕೂ ‘ಸಿ’, ವಿವರದಲ್ಲಿ ಯಾರಿಗೆ ಕೊಟ್ಟದ್ದೆಂದು ಒಂದು ಮಾತು. ಹಾಗೆ ಬರೆಯದೆ ಮಾರಾಟಕ್ಕೆ ಸೇರಿಸಿದರೆ ಮಾರಾಟ ಸುಳ್ಳೇ ಎರಡು ಸಾವಿರ ಉಬ್ಬುತ್ತದೆ, ಗಲ್ಲಾ ಎರಡು ಸಾವಿರ ಕಡಿಮೆ ಬೀಳುತ್ತದೆ. ಕ್ಯೂಆರ್ ಕೋಡು ಅಂಗಡಿಯ ಖಾತೆಯದಾಗಿದ್ದರೆ ಮಾತ್ರ ಇದು ಕಾಂಟ್ರಾ. ಮಾಲೀಕರ ಸ್ವಂತ ಖಾತೆಯದಾಗಿದ್ದರೆ, ಗಲ್ಲಾದ ಎರಡು ಸಾವಿರವನ್ನು ಅವರೇ ಒಯ್ದಂತಾಯಿತು.

ಕಂಪ್ಯೂಟರಿಗೆ ಬಂದ ಮೇಲೆ ಆರು ಕಾಲಮ್ಮಿನ ಉದ್ದ ಪುಸ್ತಕ ಹಲವು ಅಂಗಡಿಗಳಿಂದ ಮಾಯವಾಗಿದೆ, ಕಾಂಟ್ರಾ ಮಾತ್ರ ಉಳಿದಿದೆ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶದಲ್ಲಿ F4 ಒತ್ತಿದರೆ ಕಾಂಟ್ರಾ ವೋಚರ್ ತೆರೆಯುತ್ತದೆ, F5 ಪಾವತಿಗೆ, F6 ಜಮೆಗೆ. ಅಲ್ಲಿ ನಗದಿಗೂ ಬ್ಯಾಂಕಿಗೂ ಲೆಡ್ಜರಿನಲ್ಲೇ ಖಾತೆ ಇರುತ್ತದೆ, ಪಕ್ಕದ ಪುಟಕ್ಕೆ ಏರಿಸುವ ಕೆಲಸವೂ ಇಲ್ಲ. ಅಂಗಡಿಯ ಎರಡು ಬ್ಯಾಂಕ್ ಖಾತೆಗಳ ನಡುವೆ ಹಣ ಓಡಾಡಿದರೂ F4ರಲ್ಲೇ ಬರೆಯುತ್ತಾರೆ. ಮನೆಗೆ ಒಯ್ದ ಐದು ಸಾವಿರ ಮಾತ್ರ ಇಲ್ಲಿಯೂ F5ಗೆ ಹೋಗಬೇಕು. ಬ್ಯಾಂಕಿನಿಂದ ತೆಗೆದದ್ದೆಲ್ಲ F4 ಎಂದು ಒತ್ತುವ ಕೈಗೆ ತಂತ್ರಾಂಶ ಅಡ್ಡ ಬರುವುದಿಲ್ಲ. ಆ ಹಣ ಗಲ್ಲಾಕ್ಕೆ ಬಂತೇ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಅದನ್ನು ಹೇಳಬೇಕಾದವರು ಆ ಸಂಜೆ ಗಲ್ಲಾ ಎಣಿಸಿದವರೇ.